ನಿಷೇಧ ಮುಂದೆ ಬಂದಾಗ ತಿರುಗುವ ಇಂಗ್ಲಿಷ್ ವಾಕ್ಯ

ಇಂಗ್ಲಿಷಿನ ಸಾಧಾರಣ ಹೇಳಿಕೆಯಲ್ಲಿ ಕರ್ತೃ ಮೊದಲು, ಕ್ರಿಯಾಪದ ಆಮೇಲೆ. ‘ಐ ಹ್ಯಾವ್ ನೆವರ್ ಸೀನ್ ಸಚ್ ಎ ಕ್ರೌಡ್’ ಎಂಬ ವಾಕ್ಯದಲ್ಲಿ ‘ಐ’ ಕರ್ತೃ, ‘ಹ್ಯಾವ್’ ಸಹಾಯಕ ಕ್ರಿಯಾಪದ. ‘ಎಂದೂ ಇಲ್ಲ’ ಎನ್ನುವ ‘ನೆವರ್’ ಅವೆರಡರ ನಂತರ ಬರುತ್ತದೆ. ಒತ್ತು ಕೊಡಲೆಂದು ಅದನ್ನು ವಾಕ್ಯದ ಆರಂಭಕ್ಕೆ ತಂದರೆ ಕರ್ತೃ ಮತ್ತು ಸಹಾಯಕ ಕ್ರಿಯಾಪದ ಜಾಗ ಬದಲಿಸಿಕೊಳ್ಳುತ್ತವೆ: ‘ನೆವರ್ ಹ್ಯಾವ್ ಐ ಸೀನ್ ಸಚ್ ಎ ಕ್ರೌಡ್.’ ಪ್ರಶ್ನೆ ಕೇಳುವಾಗ ಆಗುವ ಅದಲುಬದಲೇ ಇದು, ಆದರೆ ಇಲ್ಲಿ ಯಾರೂ ಏನನ್ನೂ ಕೇಳುತ್ತಿಲ್ಲ.

ಕನ್ನಡದಲ್ಲಿ ಪ್ರಶ್ನೆಗೂ ಪದಗಳ ಕ್ರಮ ಬದಲಾಗಬೇಕಿಲ್ಲ. ‘ಬಂದನು’ ಎಂಬುದು ‘ಬಂದನೇ’ ಆದರೆ ಸಾಕು. ‘ಎಂದೂ’ ಎಂಬ ಮಾತನ್ನು ವಾಕ್ಯದ ಮೊದಲಿಗೆ ತಂದರೂ ಉಳಿದ ಪದಗಳು ಇದ್ದಲ್ಲೇ ಇರುತ್ತವೆ, ‘ಇಲ್ಲ’ ಕೊನೆಯಲ್ಲೇ ನಿಲ್ಲುತ್ತದೆ. ಹೀಗಾಗಿ ಕನ್ನಡ ಮನೆಮಾತಿನವರ ಇಂಗ್ಲಿಷ್ ಬರಹದಲ್ಲಿ ‘ನೆವರ್ ಐ ಹ್ಯಾವ್ ಸೀನ್’ ಎಂಬ ತಪ್ಪು ಸುಲಭವಾಗಿ ನುಸುಳುತ್ತದೆ.

ಸಹಾಯಕ ಕ್ರಿಯಾಪದ ಇಲ್ಲದ ವಾಕ್ಯದಲ್ಲಿ ‘ಡು’ ನೆರವಿಗೆ ಬರುತ್ತದೆ. ‘ಹಿ ನೆವರ್ ಕಂಪ್ಲೇನ್ಡ್’ ಎಂಬುದನ್ನು ತಿರುಗಿಸಿದರೆ ‘ನೆವರ್ ಡಿಡ್ ಹಿ ಕಂಪ್ಲೇನ್’ ಎಂದಾಗುತ್ತದೆ. ಭೂತಕಾಲದ ಗುರುತನ್ನು ‘ಡಿಡ್’ ವಹಿಸಿಕೊಂಡಿರುವುದರಿಂದ ಮುಖ್ಯ ಕ್ರಿಯಾಪದ ಮೂಲರೂಪಕ್ಕೆ ಮರಳಬೇಕು. ‘ಡಿಡ್ ಹಿ ಕಂಪ್ಲೇನ್ಡ್’ ಎಂದು ಎರಡು ಕಡೆ ಭೂತಕಾಲ ಹಾಕುವುದು ಭಾರತದ ತರಗತಿಗಳಲ್ಲಿ ಅಧ್ಯಾಪಕರು ಮತ್ತೆ ಮತ್ತೆ ತಿದ್ದುವ ದೋಷ. ‘ವಾಸ್’, ‘ಇಸ್’ ಮುಂತಾದವುಗಳಿಗೆ ಈ ನೆರವು ಬೇಡ. ‘ನೆವರ್ ವಾಸ್ ಹಿ ಲೇಟ್’ ಎನ್ನುವಂತೆ ಅವು ತಾವೇ ಮುಂದೆ ಬರುತ್ತವೆ. ನಿಷೇಧ ಪದಕ್ಕೂ ಕ್ರಿಯಾಪದಕ್ಕೂ ನಡುವೆ ಎಷ್ಟು ದೂರವಿದ್ದರೂ ನಿಯಮ ಸಡಿಲವಾಗುವುದಿಲ್ಲ. 1940ರ ಆಗಸ್ಟ್ 20ರಂದು ಬ್ರಿಟಿಷ್ ಸಂಸತ್ತಿನಲ್ಲಿ ವಿನ್‌ಸ್ಟನ್ ಚರ್ಚಿಲ್ ವಾಯುಪಡೆಯ ಯೋಧರನ್ನು ಹೊಗಳಿ ಆಡಿದ ಪ್ರಸಿದ್ಧ ವಾಕ್ಯ ‘ನೆವರ್’ನಿಂದ ಶುರುವಾಗುತ್ತದೆ. ಆಮೇಲೆ ಆರು ಪದಗಳು ಕಳೆದ ಮೇಲಷ್ಟೇ ‘ವಾಸ್’ ಬರುತ್ತದೆ. ಹಾಗಿದ್ದರೂ ಅದು ಕರ್ತೃವಿಗಿಂತ ಮೊದಲೇ ಇದೆ.

ಈ ತಿರುವಿನ ಬೇರು ಹಳೆಯದು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಕೆಲವು ಬಗೆಯ ಪದಗಳು ವಾಕ್ಯದ ಆರಂಭಕ್ಕೆ ಬಂದರೆ, ಅವುಗಳ ಬೆನ್ನಿಗೇ ಕ್ರಿಯಾಪದ ಬಂದು, ಕರ್ತೃ ಆಮೇಲೆ ಬರುವುದು ರೂಢಿಯಾಗಿತ್ತು. ಜರ್ಮನ್, ಡಚ್ ಭಾಷೆಗಳಲ್ಲಿ ಇದು ಈಗಲೂ ದಿನಬಳಕೆಯ ನಿಯಮ. ಜರ್ಮನ್ ವಾಕ್ಯ ‘ಇಂದು’ ಎಂಬ ಪದದಿಂದ ಶುರುವಾದರೂ ಎರಡನೆಯ ಸ್ಥಾನ ಕ್ರಿಯಾಪದದ್ದೇ. ಇಂಗ್ಲಿಷಿನಲ್ಲಿ ಆ ರೂಢಿ ಕ್ರಮೇಣ ಸವೆದುಹೋಗಿ, ನಿಷೇಧ ಮುಂದೆ ಬಂದ ವಾಕ್ಯಗಳಂಥ ಕೆಲವೇ ಕಡೆ ಉಳಿಯಿತು. ಹಿಂದೆ ಮುಖ್ಯ ಕ್ರಿಯಾಪದವೇ ನೇರವಾಗಿ ಮುಂದಕ್ಕೆ ಬರಬಹುದಿತ್ತು. 16 ಮತ್ತು 17ನೇ ಶತಮಾನಗಳಲ್ಲಿ ‘ಡು’ ಬಳಕೆ ಹಬ್ಬಿದ ಮೇಲೆ ಆ ಕೆಲಸ ಅದಕ್ಕೆ ಹೋಯಿತು.

ಯಾವ ಪದಗಳು ವಾಕ್ಯವನ್ನು ತಿರುಗಿಸುತ್ತವೆ? ಸಂಪೂರ್ಣ ನಿಷೇಧದ ‘ನೆವರ್’, ‘ನೋವೇರ್’, ‘ಅಂಡರ್ ನೋ ಸರ್ಕಮ್‌ಸ್ಟಾನ್ಸಸ್’ ಮಾತ್ರವಲ್ಲ, ಅರೆನಿಷೇಧದ ‘ಹಾರ್ಡ್ಲಿ’, ‘ಸ್ಕೇರ್ಸ್ಲಿ’, ‘ಸೆಲ್ಡಮ್’, ‘ರೇರ್ಲಿ’ ಕೂಡ ಈ ಗುಂಪಿನವು. ಆದರೆ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಸಾಲದು, ಏಕೆಂದರೆ ನಿಷೇಧ ಪದ ಕಣ್ಣಿಗೆ ಕಂಡಲ್ಲೆಲ್ಲ ತಿರುವು ಆಗುವುದಿಲ್ಲ. ಇದನ್ನು ಸ್ಪಷ್ಟವಾಗಿ ತೋರಿಸುವ ಜೋಡಿಯೊಂದಿದೆ. ‘ಅಟ್ ನೋ ಟೈಮ್ ಡಿಡ್ ಹಿ ಸ್ಪೀಕ್’ ಎಂದರೆ ಅವನು ಯಾವ ಹೊತ್ತಿನಲ್ಲೂ ಮಾತಾಡಲಿಲ್ಲ. ‘ಇನ್ ನೋ ಟೈಮ್ ಹಿ ಫಿನಿಶ್ಡ್ ದ ವರ್ಕ್’ ಎಂದರೆ ಅವನು ಚಿಟಿಕೆ ಹೊಡೆಯುವಷ್ಟರಲ್ಲಿ ಕೆಲಸ ಮುಗಿಸಿದ. ಎರಡರಲ್ಲೂ ‘ನೋ ಟೈಮ್’ ಇದೆ. ಮೊದಲನೆಯದರಲ್ಲಿ ನಿಷೇಧ ಇಡೀ ವಾಕ್ಯಕ್ಕೆ ಹರಡಿದೆ: ಮಾತು ನಡೆಯಲೇ ಇಲ್ಲ. ಎರಡನೆಯದರಲ್ಲಿ ಅದು ಸಮಯದ ಅಳತೆಗಷ್ಟೇ ಸೀಮಿತ, ಕೆಲಸವಂತೂ ನಡೆದಿದೆ. ವಾಕ್ಯ ತಿರುಗುವುದು ನಿಷೇಧ ಕ್ರಿಯೆಯನ್ನೇ ಅಲ್ಲಗಳೆದಾಗ. ಈ ವಿಷಯದಲ್ಲಿ ಕಲಿಯಲೇಬೇಕಾದ ಒಂದು ಅಂಶವಿದ್ದರೆ ಅದು ಇದೇ.

ಅನುಮಾನ ಬಂದರೆ ವಾಕ್ಯದ ತುದಿಗೆ ಕಿರುಪ್ರಶ್ನೆ ಅಂಟಿಸಿ ನೋಡಬಹುದು. ಇಂಗ್ಲಿಷಿನಲ್ಲಿ ನಿಷೇಧ ವಾಕ್ಯಕ್ಕೆ ‘ಡಿಡ್ ಹಿ’, ಒಪ್ಪುವ ವಾಕ್ಯಕ್ಕೆ ‘ಡಿಡಂಟ್ ಹಿ’ ಸೇರುತ್ತದೆ. ‘ಅಟ್ ನೋ ಟೈಮ್’ ವಾಕ್ಯಕ್ಕೆ ಹೊಂದುವುದು ‘ಡಿಡ್ ಹಿ’, ‘ಇನ್ ನೋ ಟೈಮ್’ ವಾಕ್ಯಕ್ಕೆ ‘ಡಿಡಂಟ್ ಹಿ’. ಹಾಗೆಯೇ ‘ಹಾರ್ಡ್ಲಿ ಎನಿವನ್ ಕೇಮ್’ ಎಂಬಲ್ಲಿ ‘ಹಾರ್ಡ್ಲಿ’ ಆರಂಭದಲ್ಲಿದ್ದರೂ ತಿರುವಿಲ್ಲ. ಅಲ್ಲಿ ಅದು ಕರ್ತೃವಿನ ಭಾಗವೇ ಆಗಿದೆ. ಬೇರೆಲ್ಲಿಂದಲೋ ಮುಂದಕ್ಕೆ ಬಂದದ್ದಲ್ಲ.

‘ಹಾರ್ಡ್ಲಿ ಹ್ಯಾಡ್’ ಎಂಬ ಕಟ್ಟಿಗೆ ತನ್ನದೇ ಕೆಲಸವಿದೆ: ಒಂದು ಘಟನೆ ಮುಗಿಯುತ್ತಿದ್ದಂತೆಯೇ ಇನ್ನೊಂದು ಬಂದೆರಗಿದ್ದನ್ನು ಹೇಳುವುದು. ‘ಅವನು ಕೂತನೋ ಇಲ್ಲವೋ, ಫೋನ್ ಬಂತು’ ಎಂಬ ಕನ್ನಡದ ಮಾತಿಗೆ ಹತ್ತಿರವಾದದ್ದು ‘ಹಾರ್ಡ್ಲಿ ಹ್ಯಾಡ್ ಹಿ ಸ್ಯಾಟ್ ಡೌನ್ ವೆನ್ ದ ಫೋನ್ ರ್‍ಯಾಂಗ್.’ ಮೊದಲು ನಡೆದ ಕೂರುವ ಕ್ರಿಯೆಗೆ ‘ಹ್ಯಾಡ್’ ಇರುವ ಪೂರ್ಣಭೂತ, ಆಮೇಲಿನ ಫೋನ್ ಕರೆಗೆ ಸರಳ ಭೂತ. ತಿರುವು ಆಗುವುದು ಮೊದಲ ಭಾಗದಲ್ಲಿ ಮಾತ್ರ. ‘ವೆನ್’ ನಂತರ ಕರ್ತೃ ಎಂದಿನಂತೆ ಮೊದಲೇ ಬರುತ್ತದೆ. ಇದೇ ಅರ್ಥವನ್ನು ‘ನೋ ಸೂನರ್’ ಬಳಸಿ ಹೇಳಿದರೆ ನಡುವಿನ ಪದ ‘ದ್ಯಾನ್’ ಆಗುತ್ತದೆ: ‘ನೋ ಸೂನರ್ ಹ್ಯಾಡ್ ಹಿ ಸ್ಯಾಟ್ ಡೌನ್ ದ್ಯಾನ್ ದ ಫೋನ್ ರ್‍ಯಾಂಗ್.’ ಕಾರಣ ಸರಳ. ‘ಸೂನರ್’ ಹೋಲಿಕೆಯ ರೂಪ, ಹೋಲಿಕೆಗೆ ಇಂಗ್ಲಿಷಿನಲ್ಲಿ ಜೊತೆಯಾಗುವುದು ‘ದ್ಯಾನ್’. ‘ಹಾರ್ಡ್ಲಿ’, ‘ಸ್ಕೇರ್ಸ್ಲಿ’ಗಳಲ್ಲಿ ಹೋಲಿಕೆಯಿಲ್ಲ, ಆದ್ದರಿಂದ ಅಲ್ಲಿ ‘ವೆನ್’. ಇವನ್ನು ಬೆರೆಸಿ ‘ಹಾರ್ಡ್ಲಿ… ದ್ಯಾನ್’ ಎಂದು ಬರೆಯುವವರು ಇಂಗ್ಲಿಷ್ ಮನೆಮಾತಿನವರಲ್ಲೂ ಇದ್ದಾರೆ, ಎಚ್ಚರದ ಬರಹಗಾರರು ಅದನ್ನು ಒಪ್ಪುವುದಿಲ್ಲ. ಭಾರತದ ಶಾಲಾ ವ್ಯಾಕರಣಗಳು ‘ಆ್ಯಸ್ ಸೂನ್ ಆ್ಯಸ್’ ವಾಕ್ಯವನ್ನು ‘ನೋ ಸೂನರ್’ಗೆ ಬದಲಿಸುವ ಅಭ್ಯಾಸ ಕೊಡುತ್ತವೆ. ನಿಯಮದ ಜೊತೆಗೆ ಈ ಕಾರಣವನ್ನೂ ಹೇಳಿಕೊಟ್ಟರೆ ಮಕ್ಕಳು ‘ದ್ಯಾನ್’ ಮರೆಯಲಾರರು.

ಎರಡು ಉಪವಾಕ್ಯಗಳಿರುವಾಗ ಯಾವುದು ತಿರುಗಬೇಕೆಂಬುದು ಇನ್ನೊಂದು ಗೊಂದಲ. ‘ಓನ್ಲಿ’, ‘ನಾಟ್ ಅಂಟಿಲ್’ಗಳಿಂದ ಶುರುವಾಗುವ ವಾಕ್ಯಗಳಲ್ಲಿ ಅವುಗಳಿಗೆ ಅಂಟಿದ ಭಾಗ ಇದ್ದಂತೆಯೇ ಇದ್ದು, ಮುಖ್ಯ ವಾಕ್ಯ ತಿರುಗುತ್ತದೆ. ‘ಅವನು ಮರಳಿದ ಮೇಲಷ್ಟೇ ನಿಜ ತಿಳಿಯಿತು’ ಎನ್ನಲು ‘ಓನ್ಲಿ ವೆನ್ ಹಿ ರಿಟರ್ನ್ಡ್ ಡಿಡ್ ವಿ ಲರ್ನ್ ದ ಟ್ರುತ್’ ಎನ್ನಬೇಕು. ‘ಓನ್ಲಿ ವೆನ್ ಡಿಡ್ ಹಿ ರಿಟರ್ನ್’ ಎನ್ನುವುದು ತಪ್ಪು. ‘ಹಿ ರಿಟರ್ನ್ಡ್’ ಎಂಬುದು ಸಮಯ ಸೂಚಿಸುವ ಭಾಗ ಮಾತ್ರ, ‘ಓನ್ಲಿ’ ಮಿತಿ ಹಾಕುತ್ತಿರುವುದು ನಿಜ ತಿಳಿದ ಕ್ರಿಯೆಗೆ.

ಇವುಗಳಲ್ಲಿ ಹೆಚ್ಚಿನವು ಭಾಷಣ, ತೀರ್ಪು, ಸಂಪಾದಕೀಯ, ನಿಯಮಾವಳಿಗಳಂಥ ಗಂಭೀರ ಬರಹಕ್ಕೆ ಸೇರಿದವು. ಮನೆಯ ಮಾತಿನಲ್ಲಿ ‘ನೆವರ್ ಹ್ಯಾವ್ ಐ’ ಎಂದರೆ ನಾಟಕದ ಮಾತಿನಂತೆ ಕೇಳಿಸುತ್ತದೆ. ಅಲ್ಲಿ ‘ಐ ಹ್ಯಾವ್ ನೆವರ್’ ಸಾಕು. ಆದರೆ ಒಬ್ಬರು ‘ನನಗೆ ಕಾಫಿ ಇಷ್ಟವಿಲ್ಲ’ ಎಂದಾಗ ಇನ್ನೊಬ್ಬರು ‘ನನಗೂ ಇಲ್ಲ’ ಎನ್ನಲು ಬಳಸುವ ‘ನೈದರ್ ಡು ಐ’ ಅಡುಗೆಮನೆಯಲ್ಲೂ ಕೇಳಿಬರುತ್ತದೆ, ಅದಕ್ಕೆ ಔಪಚಾರಿಕತೆಯ ಸೋಂಕಿಲ್ಲ.