ರಜೆಯ ದಿನಕ್ಕೆ ಸರಿದ ಮೀಟಿಂಗ್

ಮಂಜೂರಾದ ರಜೆಯ ದಿನಕ್ಕೇ ಮೀಟಿಂಗ್ ಬಂದು ಕೂತರೆ ಸಿಟ್ಟು ಬರುವುದು ಸಹಜ. ಆದರೆ ಎಷ್ಟೋ ಸಲ ಕರೆದವರಿಗೆ ಆ ರಜೆ ಕಂಡೇ ಇರುವುದಿಲ್ಲ. ಔಟ್‌ಲುಕ್‌ನಲ್ಲಾಗಲಿ ಗೂಗಲ್ ಕ್ಯಾಲೆಂಡರ್‌ನಲ್ಲಾಗಲಿ ‘ರಜೆ’ ಎಂದು ಇಡೀ ದಿನದ ನಮೂದು ಮಾಡಿ ಬಿಟ್ಟರೆ ಅದು ಸಾಮಾನ್ಯವಾಗಿ Free ಎಂದೇ ಉಳಿಯುತ್ತದೆ. ಸಮಯ ಹುಡುಕುವವರ ಕಣ್ಣಿಗೆ ಆ ದಿನ ಪೂರ್ತಿ ಬಿಡುವು. ರಜೆಯನ್ನು Out of office ಎಂದು ಗುರುತಿಸಿದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.

ಅಷ್ಟಾದರೂ ಮೀಟಿಂಗ್ ಬಂದರೆ ಸ್ಪಷ್ಟವಾಗಿ ನಿರಾಕರಿಸಬೇಕು. ಬದಲಿ ದಿನವನ್ನೂ ಅದೇ ಉತ್ತರದಲ್ಲಿ ಕೊಡಬೇಕು. ಆ ದಿನವನ್ನು ಲೆಕ್ಕ ಹಾಕುವಲ್ಲಿ ಎಡವುವವರು ಹೆಚ್ಚು. ನವೆಂಬರ್ 1 ಸೋಮವಾರ ಬಿದ್ದ ವರ್ಷವನ್ನು ತೆಗೆದುಕೊಳ್ಳಿ. ಬೆಂಗಳೂರಿನ ಉದ್ಯೋಗಿಯೊಬ್ಬರು ಅದರ ಹಿಂದಿನ ಶುಕ್ರವಾರಕ್ಕೆ ರಜೆ ಹಾಕಿದ್ದಾರೆ. ಗುರುವಾರಕ್ಕಿದ್ದ ಮೀಟಿಂಗನ್ನು ಪುಣೆಯ ಮ್ಯಾನೇಜರ್ ಶುಕ್ರವಾರಕ್ಕೆ ಸರಿಸುತ್ತಾರೆ. ಪುಣೆಯವರಿಗೆ ಸೋಮವಾರ ಮಾಮೂಲಿ ಕೆಲಸದ ದಿನ; ಬೆಂಗಳೂರಿನ ಕಚೇರಿಗೆ ರಾಜ್ಯೋತ್ಸವದ ರಜೆ. ‘ರಜೆ ಮುಗಿಸಿ ಬಂದ ಮೇಲೆ’ ಎಂದಷ್ಟೇ ಬರೆದರೆ ಮೀಟಿಂಗ್ ಸೋಮವಾರಕ್ಕೆ ಹೋಗಿ ಕೂರುತ್ತದೆ. ಹಾಗಾಗಿ ವಾರ, ತಾರೀಖು, ಗಂಟೆ ಮೂರನ್ನೂ ಬರೆಯಬೇಕು:

“ನಮಸ್ಕಾರ ಸರ್. ಶುಕ್ರವಾರ, ಅಕ್ಟೋಬರ್ 29ರಂದು ನಾನು ರಜೆಯಲ್ಲಿರುತ್ತೇನೆ, ಮೀಟಿಂಗ್‌ಗೆ ಬರಲಾಗುವುದಿಲ್ಲ. ಸೋಮವಾರ ನಮ್ಮ ಕಚೇರಿಗೆ ರಾಜ್ಯೋತ್ಸವದ ರಜೆ. ಮಂಗಳವಾರ, ನವೆಂಬರ್ 2ರಂದು ಬೆಳಿಗ್ಗೆ 11ಕ್ಕೆ ಅಥವಾ ಮಧ್ಯಾಹ್ನ 3ಕ್ಕೆ ಸಿಗುತ್ತೇನೆ. ನನ್ನ ಭಾಗದ ವರದಿಯನ್ನು ಗುರುವಾರ ಸಂಜೆಯೊಳಗೆ ಕಳಿಸಿರುತ್ತೇನೆ.”

ಇಲ್ಲಿ ರಜೆಯ ಕಾರಣವಿಲ್ಲ. ಮನೆಯಲ್ಲಿ ಪೂಜೆ ಎಂದು ಬರೆದರೆ ‘ಪೂಜೆ ಎಷ್ಟು ಹೊತ್ತಿಗೆ ಮುಗಿಯುತ್ತದೆ?’ ಎಂಬ ಪ್ರಶ್ನೆಗೆ ತಾವೇ ದಾರಿ ಮಾಡಿಕೊಟ್ಟಂತೆ. ರಜೆ ಮಂಜೂರಾಗುವಾಗಲೇ ಕಾರಣದ ಮಾತು ಮುಗಿದಿದೆ. ‘ದಯವಿಟ್ಟು ಕ್ಷಮಿಸಿ, ಆದಷ್ಟು ಪ್ರಯತ್ನಿಸುತ್ತೇನೆ’ ಎಂಬ ಸಾಲು ಇನ್ನೂ ಅಪಾಯದ್ದು; ನಮ್ಮಲ್ಲಿ ಅದು ಮರ್ಯಾದೆಯ ಮಾತು, ಓದಿದವರಿಗೆ ಒಪ್ಪಿಗೆ. Tentative ಒತ್ತಿದರೂ ಅಷ್ಟೇ: ಕರೆದವರು ಬರುವವರ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತಾರೆ.

Decline ಒತ್ತಿ ಸುಮ್ಮನಾಗುವುದೂ ಸಾಲದು. ಔಟ್‌ಲುಕ್‌ನ Propose New Time ಮೂಲಕ ಸೂಚಿಸಿದ ಸಮಯ ಮೀಟಿಂಗ್ ಕರೆದವರಿಗಷ್ಟೇ ಹೋಗುತ್ತದೆ, ಉಳಿದವರಿಗೆ ತಿಳಿಯುವುದಿಲ್ಲ. ನಾಲ್ಕೈದು ಜನರ ಮೀಟಿಂಗಾದರೆ ಎಲ್ಲರಿಗೂ ಹೋಗುವಂತೆ ಮೇಲ್ ಹಾಕುವುದು ಮೇಲು. ಉತ್ತರ ಅದೇ ದಿನ ಹೋಗಬೇಕು. ಹಿಂದಿನ ರಾತ್ರಿ ಹೇಳಿದರೆ ಬದಲಾಯಿಸಲು ಯಾರಿಗೂ ಸಮಯವಿರುವುದಿಲ್ಲ.

ಗ್ರಾಹಕರು ಕೊಟ್ಟ ಗಡುವಿನಂಥ ಕಾರಣಕ್ಕೆ ಮೀಟಿಂಗ್ ಶುಕ್ರವಾರವೇ ನಡೆಯಬೇಕಾಗಬಹುದು. ಆಗಲೂ ನಿರಾಕರಣೆ ಬದಲಾಗಬೇಕಿಲ್ಲ. ವಿಷಯ ಗೊತ್ತಿರುವ ಸಹೋದ್ಯೋಗಿಯನ್ನು ಮೊದಲೇ ಕೇಳಿ, ಒಪ್ಪಿದ ಮೇಲೆ ಅವರ ಹೆಸರು ಸೂಚಿಸಬಹುದು. ತಮ್ಮಿಂದ ಬೇಕಾದ ತೀರ್ಮಾನಗಳನ್ನು ಗುರುವಾರವೇ ಬರೆದುಕೊಡಬಹುದು. ಮೀಟಿಂಗ್‌ನ ಟಿಪ್ಪಣಿ ಓದಿ ಉಳಿದದ್ದನ್ನು ಮಂಗಳವಾರ ಮಾತನಾಡಿಕೊಂಡರಾಯಿತು.