ಪಸ್ ಸೆಲ್ಸ್ 10–12: ಗಾಬರಿಗೆ ಮೊದಲು ಇನ್ನೊಂದು ಸಾಲು ಓದಿ

ಮೂತ್ರ ಪರೀಕ್ಷೆಯ ವರದಿ ಕೈಗೆ ಬಂದ ಕೂಡಲೇ ನಾವೆಲ್ಲ ಹುಡುಕುವುದು ದಪ್ಪ ಅಕ್ಷರದಲ್ಲಿ ಅಚ್ಚಾದ ಅಂಕಿಯನ್ನು. ಸಾಮಾನ್ಯವಾಗಿ ಅದು ಪಸ್ ಸೆಲ್ಸ್ ಸಾಲಿನಲ್ಲಿರುತ್ತದೆ. 'ಕೀವು' ಎಂಬ ಮಾತೇ ಸಾಕು, ಅರ್ಧ ಜ್ವರ ಬಂದಂತಾಗುತ್ತದೆ.

ಮೂವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳ ವರದಿ ಎಂದುಕೊಳ್ಳಿ. ಎರಡು ದಿನದಿಂದ ಮೂತ್ರಕ್ಕೆ ಹೋದಾಗ ಸಣ್ಣಗೆ ಉರಿ. ಜ್ವರವಿಲ್ಲ, ಬೆನ್ನುನೋವಿಲ್ಲ, ಗರ್ಭಿಣಿಯಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ವರದಿಯಲ್ಲಿ ಹೀಗಿದೆ: ಬಣ್ಣ ಗಾಢ ಹಳದಿ, ಸ್ಪೆಸಿಫಿಕ್ ಗ್ರಾವಿಟಿ 1.030, ಪ್ರೋಟೀನ್ ಟ್ರೇಸ್, ನೈಟ್ರೈಟ್ ನೆಗೆಟಿವ್, ಪಸ್ ಸೆಲ್ಸ್ 10–12, ಎಪಿಥೀಲಿಯಲ್ ಸೆಲ್ಸ್ 15–20, ಕೆಂಪು ರಕ್ತಕಣ ಇಲ್ಲ.

ಪಸ್ ಸೆಲ್ಸ್ ಎಂದರೆ ಬಿಳಿ ರಕ್ತಕಣಗಳು. ಲ್ಯಾಬಿನವರು ಸ್ವಲ್ಪ ಮೂತ್ರವನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ತಳಕ್ಕಿಳಿದ ಗಸಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡುತ್ತಾರೆ. ಒಂದು ನೋಟದಲ್ಲಿ ಎಷ್ಟು ಕಣ ಕಂಡವೋ ಅದೇ ಆ ಅಂಕಿ. ಪಕ್ಕದಲ್ಲಿರುವ ಎಚ್‌ಪಿಎಫ್ ಎಂಬ ಮೂರಕ್ಷರದ ಅರ್ಥ ಇಷ್ಟೇ. ಐದರವರೆಗೆ ಇದ್ದರೆ ಹೆಚ್ಚಿನ ಲ್ಯಾಬುಗಳು ಸಹಜ ಎನ್ನುತ್ತವೆ. ಹಾಗಾದರೆ 10–12 ಸೋಂಕಲ್ಲವೇ?

ಅದಕ್ಕೇ ಎಪಿಥೀಲಿಯಲ್ ಸೆಲ್ಸ್ ಸಾಲನ್ನು ನೋಡಬೇಕು. ಇವು ಚರ್ಮದಿಂದ, ಮೂತ್ರದ್ವಾರದ ಸುತ್ತಲಿನಿಂದ, ಹೆಂಗಸರಲ್ಲಿ ಯೋನಿಯ ಒಳಪದರದಿಂದ ಉದುರುವ ಚಪ್ಪಟೆ ಕಣಗಳು. ನಾಲ್ಕೈದು ಇದ್ದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಹದಿನೈದಿಪ್ಪತ್ತು ಕಂಡರೆ ಹೊರಗಿನದೆಲ್ಲ ತೊಳೆದುಕೊಂಡು ಡಬ್ಬಿಗೆ ಬಂದಿದೆ ಎಂದರ್ಥ. ಅದರ ಜೊತೆ ಬಿಳಿ ಕಣಗಳೂ ಬಂದಿರಬಹುದು. ಬಿಳಿ ಸೆರಗು ಹೋಗುತ್ತಿದ್ದರಂತೂ ಬಂದೇ ಬರುತ್ತವೆ. ಆ ಹತ್ತು ಹನ್ನೆರಡು ಕಣಗಳು ಮೂತ್ರಕೋಶದವೋ ಹೊರಗಿನವೋ ಎಂದು ಈ ವರದಿ ಹೇಳಲಾರದು. ವರದಿ ತಪ್ಪಲ್ಲ, ಮಾದರಿ ಶುದ್ಧವಿರಲಿಲ್ಲ. ಇದೊಂದನ್ನೇ ನಂಬಿ ಮಾತ್ರೆ ಶುರುಮಾಡುವವರು ಬೇಕಾದಷ್ಟು ಜನ.

ನೈಟ್ರೈಟ್ ನೆಗೆಟಿವ್ ಎಂದು ನಿರಾಳವಾಗುವುದೂ ಅವಸರವೇ. ಇ. ಕೋಲಿಯಂಥ ಬ್ಯಾಕ್ಟೀರಿಯಾ ಮೂತ್ರದಲ್ಲಿರುವ ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ. ಅದಕ್ಕೆ ಮೂತ್ರವು ಮೂತ್ರಕೋಶದಲ್ಲಿ ಸುಮಾರು ನಾಲ್ಕು ಗಂಟೆ ನಿಂತಿರಬೇಕು. ಉರಿಯಿದ್ದವರು ಗಂಟೆಗೊಮ್ಮೆ ಹೋಗುತ್ತಿರುತ್ತಾರೆ, ಬಣ್ಣ ತಿರುಗಲು ಸಮಯವೇ ಸಿಗುವುದಿಲ್ಲ. ಕೆಲವು ಬ್ಯಾಕ್ಟೀರಿಯಾ ಈ ಕೆಲಸವನ್ನು ಮಾಡುವುದೂ ಇಲ್ಲ. ಆದ್ದರಿಂದ ಪಾಸಿಟಿವ್ ಬಂದರೆ ಅದಕ್ಕೆ ತೂಕ ಹೆಚ್ಚು, ನೆಗೆಟಿವ್‌ಗೆ ಅಷ್ಟಿಲ್ಲ.

ಪ್ರೋಟೀನ್ ಟ್ರೇಸ್ ನೋಡಿ ಕಿಡ್ನಿ ಹೋಯಿತೆಂದು ಹೆದರುವವರು ಸ್ಪೆಸಿಫಿಕ್ ಗ್ರಾವಿಟಿಯ ಕಡೆಗೂ ಕಣ್ಣಾಡಿಸಲಿ. 1.030 ಎಂದರೆ ಮೂತ್ರ ತೀರಾ ಗಟ್ಟಿ, ಆಕೆ ನೀರು ಸರಿಯಾಗಿ ಕುಡಿದಿಲ್ಲ. ಗಟ್ಟಿ ಮೂತ್ರದಲ್ಲಿ ಸಹಜ ಪ್ರಮಾಣದ ಪ್ರೋಟೀನೂ ಪಟ್ಟಿಯ ಮೇಲೆ ಮೂಡುತ್ತದೆ. ಮತ್ತೆ ಮತ್ತೆ ಬಂದರೆ ಆಗ ವಿಚಾರ ಬೇರೆ.

ಈಕೆಗೆ ಬೇಕಾದದ್ದು ಮತ್ತೊಂದು ಮಾದರಿ. ಮುಟ್ಟಿನ ದಿನಗಳಲ್ಲಿ ಬೇಡ. ಬೆಳಗಿನ ಮೊದಲ ಮೂತ್ರವಾದರೆ ಒಳ್ಳೆಯದು. ಬರೀ ನೀರಿನಿಂದ ತೊಳೆದುಕೊಂಡು, ತುಟಿಗಳನ್ನು ಬೆರಳಿನಿಂದ ಬಿಡಿಸಿ ಹಿಡಿದು, ಮೊದಲ ಧಾರೆಯನ್ನು ಕಕ್ಕಸಿಗೆ ಬಿಟ್ಟು, ನಡುವಿನದನ್ನು ಡಬ್ಬಿಗೆ ಹಿಡಿಯಬೇಕು. ಗಂಡಸರು ಮುಂದೊಗಲು ಹಿಂದೆ ಸರಿಸಿದರೆ ಆಯಿತು. ಡಬ್ಬಿಯ ಒಳಗೆ ಬೆರಳು ತಾಗಬಾರದು. ಎರಡು ಗಂಟೆಯೊಳಗೆ ಅದು ಲ್ಯಾಬಿನಲ್ಲಿರಬೇಕು. ಆಫೀಸಿಗೆ ಹೋಗುವ ದಾರಿಯಲ್ಲಿ ಕೊಟ್ಟರಾಯಿತೆಂದು ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿ ಇಟ್ಟರೆ ಬ್ಯಾಕ್ಟೀರಿಯಾ ಅಲ್ಲೇ ಸಂಸಾರ ಹೂಡುತ್ತವೆ, ಕಣಗಳು ಒಡೆದುಹೋಗುತ್ತವೆ.

ಎರಡನೆಯ ವರದಿಯಲ್ಲಿ ಎಪಿಥೀಲಿಯಲ್ 1–2, ಪಸ್ ಸೆಲ್ಸ್ 2–3, ಪ್ರೋಟೀನ್ ಇಲ್ಲ ಎಂದು ಬಂದರೆ ಮೂತ್ರಕೋಶದ ಸೋಂಕಿನ ಸಾಧ್ಯತೆ ತಗ್ಗಿತು. ಆದರೂ ಉರಿ ನಿಲ್ಲದಿದ್ದರೆ ವೈದ್ಯರು ಯೋನಿಯ ಸೋಂಕು, ಲೈಂಗಿಕವಾಗಿ ಹರಡುವ ಸೋಂಕು, ಸೋಪಿನ ಕಿರಿಕಿರಿ ಇಂಥವನ್ನು ಹುಡುಕುತ್ತಾರೆ. ಎಪಿಥೀಲಿಯಲ್ 1–2 ಇದ್ದು ಪಸ್ ಸೆಲ್ಸ್ 20–25 ಎಂದಿದ್ದರೆ ಕಣಗಳು ಒಳಗಿನವೇ. ಆಗ ಕಲ್ಚರ್ ಕೇಳಬಹುದು. ಅದರ ಮಾದರಿಯನ್ನು ಆಂಟಿಬಯೋಟಿಕ್‌ನ ಮೊದಲ ಮಾತ್ರೆಗೆ ಮುನ್ನವೇ ಕೊಡಬೇಕು, ಒಂದು ಮಾತ್ರೆ ನುಂಗಿದರೂ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು. ಫಲಿತಾಂಶಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಕಾಯಬೇಕೋ, ಮಾತ್ರೆ ಶುರುಮಾಡಬೇಕೋ ಎಂಬುದನ್ನು ತೊಂದರೆಯ ತೀವ್ರತೆ ನೋಡಿ ವೈದ್ಯರು ಹೇಳುತ್ತಾರೆ.

ಈ ಮರುಪರೀಕ್ಷೆಯ ಲೆಕ್ಕಾಚಾರವೆಲ್ಲ ಸಣ್ಣ ಉರಿಗೆ ಮಾತ್ರ. ಚಳಿಜ್ವರ, ಪಕ್ಕೆಯ ಹಿಂಭಾಗದ ನೋವು, ವಾಂತಿ, ಕಣ್ಣಿಗೆ ಕಾಣುವ ರಕ್ತ ಇದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.