ಪೆಟ್ಟಿಗೆಯ ನಾಲ್ಕು ಮೂಲೆಗಳು

ಸಿಂಗಪುರದ ಜೂರೊಂಗ್ ಭಾಗದ ಉಗ್ರಾಣವೊಂದರಲ್ಲಿ ಮೇಲ್ವಿಚಾರಕರಾಗಿರುವ ಕನ್ನಡಿಗ ವಾಚಕರೊಬ್ಬರು ನನಗೊಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ಚೆನ್ನೈಗೆ ಹಡಗಿನಲ್ಲಿ ಹೋಗಬೇಕಾದ ರಟ್ಟಿನ ಪೆಟ್ಟಿಗೆಗಳನ್ನು ಅವರ ಆಳುಗಳು, ಗಾರೆಯವನು ಇಟ್ಟಿಗೆ ಇಡುವಂತೆ, ಕೆಳಪದರದ ಸಂದುಗಳ ಮೇಲೆ ಮೇಲಿನ ಪದರದ ಪೆಟ್ಟಿಗೆಗಳು ಅಡ್ಡಬರುವ ಹಾಗೆ ಬಲು ಶ್ರದ್ಧೆಯಿಂದ ಪ್ಯಾಲೆಟ್ಟಿನ ಮೇಲೆ ಪೇರಿಸುತ್ತಾರಂತೆ. ಆದರೂ ತಿಂಗಳು ಕಳೆಯುವಷ್ಟರಲ್ಲಿ ತಳದ ಪೆಟ್ಟಿಗೆಗಳು ಹೊಟ್ಟೆಯುಬ್ಬಿ ಕುಸಿಯುತ್ತವೆಯಂತೆ. ಇಷ್ಟು ಭದ್ರವಾದ ಕಟ್ಟಣೆಯೂ ನಿಲ್ಲದಿರಲು ಕಾರಣವೇನೆಂಬುದು ಅವರ ಸಂದೇಹ. ಆ ಕಟ್ಟಣೆಯೇ ಕಾರಣವೆಂದು ಹೇಳಿದರೆ ಅವರಿಗೆ ಆಶ್ಚರ್ಯವಾದೀತು. ಆದರೆ ಸತ್ಯವು ಅದೇ.

ಇಟ್ಟಿಗೆಯು ಒಳಗೆಲ್ಲ ಗಟ್ಟಿಯಾದ ವಸ್ತು. ಅದರ ಮೇಲೆ ಎಲ್ಲಿ ಭಾರವಿಟ್ಟರೂ ಅದು ಹೊರುತ್ತದೆ. ರಟ್ಟಿನ ಪೆಟ್ಟಿಗೆಯ ಸ್ವಭಾವವೇ ಬೇರೆ. ಖಾಲಿ ಪೆಟ್ಟಿಗೆಯೊಂದರ ಮುಚ್ಚಳದ ಅಂಚಿನ ನಡುಭಾಗವನ್ನು ಅಂಗೈಯಿಂದ ಒತ್ತಿ ನೋಡಿದರೆ ಅಲ್ಲಿನ ಗೋಡೆಯು ಸುಲಭವಾಗಿ ಹೊರಕ್ಕೆ ಬಾಗುವುದು ಕಾಣುತ್ತದೆ. ಅದೇ ಬಲವನ್ನು ಮೂಲೆಯ ಮೇಲೆ ಹಾಕಿದರೆ, ಅಲ್ಲಿ ಎರಡು ಗೋಡೆಗಳು ಲಂಬಕೋನದಲ್ಲಿ ಕೂಡಿ ಪರಸ್ಪರ ಬಾಗಗೊಡದೆ ಹಿಡಿದಿರುವುದರಿಂದ, ಪೆಟ್ಟಿಗೆಯು ಜಗ್ಗದೆ ನಿಲ್ಲುತ್ತದೆ. ಪೆಟ್ಟಿಗೆಯು ಹೊರುವ ಭಾರದಲ್ಲಿ ಸುಮಾರು ಮೂರನೆಯ ಎರಡು ಭಾಗವನ್ನು ಈ ನಾಲ್ಕು ಮೂಲೆಗಳೂ ಅವುಗಳ ಆಸುಪಾಸಿನ ಕೆಲವೇ ಅಂಗುಲ ರಟ್ಟೂ ಹೊರುತ್ತವೆ. ಆದ್ದರಿಂದ ಮೂಲೆಯ ಮೇಲೆ ಮೂಲೆ ಬರುವಂತೆ ನೇರವಾಗಿ ಪೇರಿಸಿದಾಗ ಭಾರವು ಕಂಬದ ಮೇಲಿನಿಂದ ಕಂಬಕ್ಕೆ ಇಳಿಯುತ್ತದೆ. ಅಡ್ಡಡ್ಡಲಾಗಿ ಪೇರಿಸಿದಾಗಲಾದರೋ ಮೇಲಿನ ಪೆಟ್ಟಿಗೆಯ ಬಲಿಷ್ಠವಾದ ಮೂಲೆಯು ಕೆಳಗಿನದರ ದುರ್ಬಲವಾದ ನಡುಗೋಡೆಯ ಮೇಲೆ ಕೂರುತ್ತದೆ, ಮತ್ತು ಪೆಟ್ಟಿಗೆಯ ಶಕ್ತಿಯಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ವ್ಯರ್ಥವಾಗುತ್ತದೆ. ಕಣ್ಣಿಗೆ ಭದ್ರವಾಗಿ ಕಾಣುವುದೆಲ್ಲ ಭದ್ರವೆಂಬ ಈ ನಂಬಿಕೆಯು ಉಗ್ರಾಣಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದಿರುವ ಮೂಢನಂಬಿಕೆಯಲ್ಲದೆ ಮತ್ತೇನೂ ಅಲ್ಲ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಸಿಂಗಪುರದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಪ್ಯಾಲೆಟ್ಟಿನ ಅಳತೆ 1200 ಮಿಲಿಮೀಟರ್ ಉದ್ದ, 1000 ಮಿಲಿಮೀಟರ್ ಅಗಲ. ಪೆಟ್ಟಿಗೆಯ ತಳವು 400 ಕ್ಕೆ 300 ಮಿಲಿಮೀಟರ್ ಆಗಿದ್ದರೆ ಒಂದು ಪದರದಲ್ಲಿ ಹತ್ತು ಪೆಟ್ಟಿಗೆಗಳು ಒಂದಿಷ್ಟೂ ತೆರಪಿಲ್ಲದೆ ಕೂರುತ್ತವೆ: ಮೂರು ಮೂರರ ಎರಡು ಸಾಲು, ತಿರುಗಿಸಿಟ್ಟ ನಾಲ್ಕರ ಒಂದು ಸಾಲು. ಪೆಟ್ಟಿಗೆಯೊಂದರ ತೂಕ 10 ಕಿಲೋ, ಪದರಗಳು ಆರು, ಪ್ಯಾಲೆಟ್ಟಿನ ತೂಕ 20 ಕಿಲೋ ಎಂದಿಟ್ಟುಕೊಳ್ಳಿ. ಉಗ್ರಾಣದಲ್ಲಿ ಒಂದರ ಮೇಲೊಂದರಂತೆ ಇಂಥ ಎರಡು ಹೊರೆಗಳನ್ನು ನಿಲ್ಲಿಸಿದರೆ, ತಳದ ಪ್ರತಿಯೊಂದು ಪೆಟ್ಟಿಗೆಯ ಮೇಲೂ ತನ್ನ ಹೊರೆಯಿಂದ 50 ಕಿಲೋ, ಮೇಲಿನ ಹೊರೆಯಿಂದ 62 ಕಿಲೋ, ಒಟ್ಟು 112 ಕಿಲೋ ಭಾರ ಬೀಳುತ್ತದೆ.

ಪ್ರಯೋಗಶಾಲೆಯ ಒಣಹವೆಯಲ್ಲಿ ಯಂತ್ರದ ನಡುವೆ ಒತ್ತಿ ನೋಡಿದಾಗ 400 ಕಿಲೋ ಭಾರಕ್ಕೆ ಕುಸಿದ ಪೆಟ್ಟಿಗೆ ಇದೆಂದು ಭಾವಿಸೋಣ. 112 ಕ್ಕೆ 400 ಧಾರಾಳವಾಗಿ ಸಾಕೆಂದು ಯಾರಿಗಾದರೂ ತೋರುತ್ತದೆ. ಆದರೆ ರಟ್ಟು ಒಂದೇ ಭಾರವನ್ನು ಬಹುಕಾಲ ಹೊತ್ತರೆ ನಿಧಾನವಾಗಿ ಸೋಲುತ್ತ ಹೋಗುವ ಪದಾರ್ಥ. ಒಂದು ತಿಂಗಳು ನಿಂತರೆ ಅದರ ಶಕ್ತಿಯಲ್ಲಿ ನೂರಕ್ಕೆ 40 ರಷ್ಟು ಕಳೆಯಬೇಕೆಂದು ಪೆಟ್ಟಿಗೆ ತಯಾರಕರ ಕೈಪಿಡಿಗಳು ವಿಧಿಸುತ್ತವೆ. ಉಳಿದದ್ದು 240. ಇನ್ನು ಸಿಂಗಪುರದ ಹವೆ: ವರ್ಷವಿಡೀ ಸಾಪೇಕ್ಷ ಆರ್ದ್ರತೆಯ ಸರಾಸರಿ ನೂರಕ್ಕೆ 80 ನ್ನು ಮೀರಿರುವ ಊರದು. ಕಾಗದದ ನಾರು ಆ ತೇವವನ್ನು ಹೀರಿ ಮೆತ್ತಗಾಗುತ್ತದೆ. 80 ರ ಆರ್ದ್ರತೆಯಲ್ಲೇ ಸುಮಾರು ಮೂರನೆಯ ಒಂದು ಭಾಗ ಶಕ್ತಿ ಹೋಗುತ್ತದೆ. ಈಗ ಉಳಿದದ್ದು 160 ರ ಆಸುಪಾಸು. ನೇರವಾಗಿ ಪೇರಿಸಿದ್ದರೆ 112 ಕಿಲೋ ಭಾರವನ್ನು ಈ 160 ಇನ್ನೂ ಹೊರುತ್ತದೆ. ಅಡ್ಡಡ್ಡಲಾಗಿ ಪೇರಿಸಿದರೆ ಅದೂ ಅರ್ಧವಾಗಿ 80 ಕ್ಕೆ ಇಳಿಯುತ್ತದೆ. ಆ ಪೆಟ್ಟಿಗೆಯು ಕುಸಿಯದೆ ಇರುವುದು ಸಾಧ್ಯವೇ? ಪೆಟ್ಟಿಗೆ ಅದೇ, ಸರಕು ಅದೇ, ಉಗ್ರಾಣ ಅದೇ. ಪದರವನ್ನು ತಿರುಗಿಸಿಟ್ಟದ್ದು ಮಾತ್ರ ವ್ಯತ್ಯಾಸ. ಈ ಅಂಕಿಗಳು ಸ್ಥೂಲವಾದವು, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೆಚ್ಚು ಕಡಮೆಯಾಗುವಂಥವು. ಆದರೂ ಇವು ತೋರಿಸುವ ದಿಕ್ಕು ನಿಸ್ಸಂದಿಗ್ಧವಾದುದು.

ಪ್ಯಾಲೆಟ್ಟಿನ ಅಳತೆಯು ಮುಖ್ಯವಾಗುವುದೂ ಈ ಮೂಲೆಗಳ ದೆಸೆಯಿಂದಲೇ. ಪೆಟ್ಟಿಗೆಯು 400 ರ ಬದಲು 415 ಮಿಲಿಮೀಟರ್ ಉದ್ದವಿದ್ದರೆ ಮೂರು ಸೇರಿ 1245 ಆಗಿ, ಪ್ಯಾಲೆಟ್ಟಿನ ಎರಡು ಕಡೆಗಳಲ್ಲಿಯೂ ಎರಡೆರಡು ಸೆಂಟಿಮೀಟರಿಗಿಂತ ಹೆಚ್ಚು ಹೊರಚಾಚುತ್ತದೆ; ಆಗ ಅಂಚಿನ ಪೆಟ್ಟಿಗೆಗಳ ಎರಡೆರಡು ಮೂಲೆಗಳ ಕೆಳಗೆ ಆಧಾರವೇ ಇರುವುದಿಲ್ಲ. ಅಷ್ಟು ಅಲ್ಪವಾದ ಚಾಚಿಗೇ ನೂರಕ್ಕೆ 30 ರಷ್ಟು ಶಕ್ತಿ ನಷ್ಟವಾಗುವುದುಂಟು. ನಮ್ಮ 160 ಆಗ 112 ಕ್ಕೆ ಬಂದು ನಿಲ್ಲುತ್ತದೆ. ತುಂಬಿದ ಪೆಟ್ಟಿಗೆಯ ಬದಿಗಳು ತುಸು ಉಬ್ಬುವುದರಿಂದ ಬಲ್ಲವರು ಹೊರ ಅಳತೆಯನ್ನು 400 ಕ್ಕಿಂತ ಕೆಲವು ಮಿಲಿಮೀಟರ್ ಕಡಮೆಯೇ ಇಡುತ್ತಾರೆ.

ಹಾಗಾದರೆ ಅಡ್ಡಪೇರಿಕೆಯಲ್ಲಿ ಗುಣವೇ ಇಲ್ಲವೆ? ಇದೆ. ನೇರವಾದ ಕಂಬಗಳು ಒಂದನ್ನೊಂದು ಹಿಡಿದಿರುವುದಿಲ್ಲವಾದ್ದರಿಂದ ಅಲುಗಾಟದಲ್ಲಿ ಬೇರೆಬೇರೆಯಾಗಿ ವಾಲುತ್ತವೆ. ಅಡ್ಡಪೇರಿಕೆ ಅವುಗಳನ್ನು ಹೆಣೆದಿಡುತ್ತದೆ. ಎರಡು ಗುಣಗಳನ್ನೂ ಪಡೆಯುವ ಉಪಾಯವೆಂದರೆ ಕೆಳಗಿನ ಐದು ಪದರಗಳನ್ನು ನೇರವಾಗಿಟ್ಟು, ಭಾರ ಕಡಮೆಯಿರುವ ಆರನೆಯ ಪದರವೊಂದನ್ನು ಮಾತ್ರ ತಿರುಗಿಸಿಡುವುದು. ಉಳಿದ ಹಿಡಿತವನ್ನು ಸುತ್ತುವ ಪ್ಲಾಸ್ಟಿಕ್ ಹಾಳೆಗೆ ಬಿಡುವುದು. ಆ ಹಾಳೆಯನ್ನು ಪೆಟ್ಟಿಗೆಗಳಿಗೆ ಮಾತ್ರ ಸುತ್ತಿದರೆ ಸಾಲದು. ಪ್ಯಾಲೆಟ್ಟಿನ ಮೇಲ್ಹಲಗೆಗಳನ್ನೂ ಸೇರಿಸಿ ಕೆಳಗಿನಿಂದ ಸುತ್ತಿಕೊಂಡು ಬರದಿದ್ದರೆ, ಲಾರಿಯು ಬ್ರೇಕ್ ಹಾಕಿದಾಗ ಸರಕೆಲ್ಲ ಒಂದೇ ಗಂಟಾಗಿ ಪ್ಯಾಲೆಟ್ಟಿನಿಂದ ಜಾರಿಬಿಡುತ್ತದೆ.

ಕಂಟೇನರಿನೊಳಗೆ ಇನ್ನೊಂದು ತೊಡಕು ಕಾದಿದೆ. 1972 ರ ಜೂನ್ 23 ರಂದು ‘ನಿಹೊನ್’ ಎಂಬ ಹಡಗು ತಾಂಜೊಂಗ್ ಪಗಾರ್ ದಕ್ಕೆಗೆ ಬಂದು ಸಿಂಗಪುರದ ಕಂಟೇನರ್ ಯುಗವನ್ನು ಆರಂಭಿಸಿತು. ಅಂದಿನಿಂದ ಇಂದಿನವರೆಗೆ ಸಾಮಾನ್ಯ ಕಂಟೇನರಿನ ಹೊರ ಅಗಲ ಎಂಟು ಅಡಿ, ಒಳ ಅಗಲ ಸುಮಾರು 2350 ಮಿಲಿಮೀಟರ್. 1200 ರ ಎರಡು ಪ್ಯಾಲೆಟ್ಟುಗಳು ಪಕ್ಕಪಕ್ಕದಲ್ಲಿ 2400 ಬೇಡುತ್ತವೆ; ಕೇವಲ ಐದು ಸೆಂಟಿಮೀಟರಿನ ಕೊರತೆಯಿಂದ ಹಿಡಿಸುವುದಿಲ್ಲ. ಒಂದನ್ನು ತಿರುಗಿಸಿ 1200 ರ ಪಕ್ಕದಲ್ಲಿ 1000 ಇಟ್ಟರೆ ಹದಿನೈದು ಸೆಂಟಿಮೀಟರ್ ತೆರಪು ಉಳಿಯುತ್ತದೆ. ಅಡಿಯ ಅಳತೆಯೂ ಮೀಟರಿನ ಅಳತೆಯೂ ಒಂದನ್ನೊಂದು ವಿಚಾರಿಸದೆ ಬೆಳೆದುದರ ಫಲವಿದು. ಹಡಗು ಹೊರಳುವಾಗ ಸರಕಿನ ಮೇಲೆ ಬೀಳುವ ಅಡ್ಡಬಲವು ಸರಕಿನ ತೂಕದ ಅರ್ಧದಷ್ಟಾದರೂ ಇರಬಹುದೆಂದು ಎಣಿಸಿಯೇ ಸರಕನ್ನು ಬಿಗಿಯಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ; ನಮ್ಮ 620 ಕಿಲೋ ಹೊರೆಗೆ ಅದು 310 ಕಿಲೋ ತೂಕದ ನೂಕು. ತೆರಪಿನಲ್ಲಿ ಗಾಳಿಚೀಲವನ್ನಾಗಲಿ ಮರದ ತುಂಡುಗಳನ್ನಾಗಲಿ ತುಂಬದಿದ್ದರೆ ಹೊರೆಗಳು ಅತ್ತಿಂದಿತ್ತ ಬಡಿದುಕೊಳ್ಳುತ್ತಲೇ ಹೋಗುತ್ತವೆ.

ಕುಸಿತವು ಎಲ್ಲಿ ಸಂಭವಿಸಿತೆಂಬುದನ್ನು ಪೆಟ್ಟಿಗೆಯೇ ಹೇಳುತ್ತದೆ: ತಳಪದರದಲ್ಲಿ ಬದಿಗಳು ಉಬ್ಬಿ ಮೂಲೆಯ ಬಳಿ ಓರೆಯಾದ ಮಡಿಕೆ ಬಿದ್ದಿದ್ದರೆ ದೋಷವು ಪೇರಿಕೆಯದು ಅಥವಾ ತೇವದ್ದು, ಎಲ್ಲ ಪದರಗಳಲ್ಲಿಯೂ ಒಂದೇ ಪಕ್ಕ ಜಜ್ಜಿಹೋಗಿದ್ದರೆ ಅದು ತುಂಬದೆ ಬಿಟ್ಟ ತೆರಪಿನದು. ಜೂರೊಂಗಿನ ನಮ್ಮ ವಾಚಕ ಮಹಾಶಯರು ಮುಂದಿನ ರವಾನೆಯಲ್ಲಿ ಅರ್ಧದಷ್ಟು ಹೊರೆಗಳನ್ನು ಹಳೆಯ ರೀತಿಯಲ್ಲಿಯೂ ಉಳಿದರ್ಧವನ್ನು ಮೂಲೆಗೆ ಮೂಲೆ ಕೂಡಿಸಿಯೂ ಪೇರಿಸಿ, ತಿಂಗಳ ಬಳಿಕ ಎರಡರ ತಳಪದರಗಳನ್ನೂ ಹೋಲಿಸಿ ನೋಡಿ, ಕಂಡದ್ದನ್ನು ದಯವಿಟ್ಟು ಬರೆದು ತಿಳಿಸಬೇಕು.